ಸಹರಿಯ ನಂತರದ ಮೂರು ಗಂಟೆ

2025ರ ಮಾರ್ಚ್ 1ರಂದು ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾಯಿತು. ಅದೇ ಸಂಜೆ ಚಂದ್ರ ಕಂಡು, ಮರುದಿನದಿಂದ ರಮಝಾನ್ ಉಪವಾಸ. ಗಣಿತದ ಪತ್ರಿಕೆ ಮಾರ್ಚ್ 3ಕ್ಕೆ, ಅಂದರೆ ಎರಡನೇ ನೋಂಬಿನ ದಿನ. ಪರೀಕ್ಷೆ ಮುಗಿಯುವುದು 20ಕ್ಕೆ. ಅಲ್ಲಿಗೆ ರಮಝಾನಿನ ಮೂರನೇ ಎರಡು ಭಾಗ ಪರೀಕ್ಷೆಯ ಜೊತೆಗೇ ಕಳೆಯುತ್ತದೆ ಎಂಬುದು ವೇಳಾಪಟ್ಟಿ ಕೈಗೆ ಬಂದಾಗಲೇ ಗೊತ್ತಾಗಿತ್ತು.

ಉಳ್ಳಾಲದ ನಮ್ಮ ಮನೆಯಲ್ಲಿ ಇದಕ್ಕೆ ಎರಡು ಬಗೆಯ ಸಲಹೆ ಸಿಕ್ಕಿತು. ಉಮ್ಮನ ಪ್ರಕಾರ ಯಾವಾಗಲೂ ಓದುವ ಹಾಗೆಯೇ ಓದಬೇಕು, ಊಟ ಒಂದು ಇರುವುದಿಲ್ಲ ಅಷ್ಟೆ. ಕಾಲೇಜು ಮುಗಿಸಿ ಮನೆಯಲ್ಲಿದ್ದ ಅಣ್ಣನದು ಬೇರೆ ಲೆಕ್ಕ. ಸಂಜೆಯ ಇಫ್ತಾರಿನಿಂದ ನಸುಕಿನ ಸಹರಿ ಊಟದವರೆಗೆ ಎಚ್ಚರವಿದ್ದು ಓದು, ಸುಬಹಿ ನಮಾಝ್ ಮುಗಿಸಿ ಮಲಗು, ಮಧ್ಯಾಹ್ನ ಏಳು. ಅವನು ತನ್ನ ಡಿಗ್ರಿಯ ಕಾಲದಲ್ಲಿ ಹಾಗೇ ಮಾಡಿದ್ದನಂತೆ. ಕೇಳಲು ಚೆನ್ನಾಗಿಯೇ ಇತ್ತು, ಹೊಟ್ಟೆ ತುಂಬಿರುವ ಹೊತ್ತಿನಲ್ಲೇ ಓದು. ಆದರೆ ನನ್ನ ಪರೀಕ್ಷೆ ಇದ್ದದ್ದು ಬೆಳಿಗ್ಗೆ 10ಕ್ಕೆ. ದಿನವೂ 10 ಗಂಟೆಗೆ ಗಾಢ ನಿದ್ದೆಯಲ್ಲಿರುವುದನ್ನು ರೂಢಿ ಮಾಡಿಕೊಂಡ ದೇಹವನ್ನು ಪರೀಕ್ಷೆಯ ದಿನ ಮಾತ್ರ ಬೆಂಚಿನಲ್ಲಿ ಕೂರಿಸಿ ಇಂಟಿಗ್ರೇಷನ್ ಮಾಡು ಎಂದರೆ ಅದು ಕೇಳುವುದಿಲ್ಲ. ಹಗಲು ಪರೀಕ್ಷೆ, ಕ್ಲಾಸು ಯಾವುದೂ ಇಲ್ಲದವರಿಗೆ ಅಣ್ಣನ ದಾರಿ ಆದೀತು. ನಡುವೆ ಒಂದು ದಿನ ಬೆಳಿಗ್ಗೆ ಏಳಬೇಕಾಗಿ ಬಂದರೂ ಆ ಇಡೀ ಏರ್ಪಾಡು ಕುಸಿಯುತ್ತದೆ.

ಪ್ರಯೋಗ ಮಾಡಿ ನೋಡಲು ನನಗೊಂದು ಅವಕಾಶ ಇತ್ತು. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಉಪವಾಸ ಮಾಡುವಂತಿಲ್ಲ, ಹಾಗೆ ಬಿಟ್ಟುಹೋದವನ್ನು ಮುಂದಿನ ರಮಝಾನ್ ಬರುವುದರೊಳಗೆ ತೀರಿಸಬೇಕು. ನಮ್ಮಲ್ಲಿ ಬಹಳ ಮಂದಿ ಅದನ್ನು ಕೊನೆಗೆ ತಳ್ಳಿ, ರಮಝಾನಿಗೆ ತಿಂಗಳೊಪ್ಪತ್ತು ಇರುವಾಗ ತೀರಿಸುವುದು. ನಾನೂ ಹಾಗೆಯೇ. ಬಾಕಿ ಉಪವಾಸ ಇಟ್ಟ ದಿನಗಳಲ್ಲೇ ಹಳೆಯ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಂಡು 10ರಿಂದ 1ರವರೆಗೆ ಕೂತೆ. ಮತ್ತೊಮ್ಮೆ ಬೇಕೆಂದೇ ಮಧ್ಯಾಹ್ನ 3ಕ್ಕೆ ಕೂತೆ. ಬೆಳಗಿನ ಪತ್ರಿಕೆಯಲ್ಲಿ ಮಾಮೂಲಿ ದಿನಕ್ಕೂ ಉಪವಾಸದ ದಿನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಧ್ಯಾಹ್ನದ್ದರಲ್ಲಿ ಕಂಡಿತು. ವಿಧಾನವೆಲ್ಲ ಸರಿ, ನಡುವೆ ಮೈನಸ್ ಚಿಹ್ನೆ ಬಿಟ್ಟುಹೋಗಿದೆ. ಪ್ರಶ್ನೆಯಲ್ಲಿ 6 ಇದ್ದದ್ದು ಉತ್ತರದಲ್ಲಿ 9 ಆಗಿದೆ. ಗೊತ್ತಿಲ್ಲದ್ದರಿಂದ ಆದ ತಪ್ಪುಗಳಲ್ಲ, ಕಣ್ಣು ನೋಡಿದ್ದನ್ನು ಕೈ ಬರೆಯುವಷ್ಟರಲ್ಲಿ ತಲೆ ಕೈಬಿಟ್ಟದ್ದರಿಂದ ಆದವು. ಈ ಬಗೆಯ ತಪ್ಪು ಹೆಚ್ಚಾಗತೊಡಗಿದರೆ ಆ ಹೊತ್ತು ಲೆಕ್ಕ ಬಿಡಿಸುವ ಹೊತ್ತಲ್ಲ ಎಂದು ನನಗೆ ನಾನೇ ಗುರುತು ಮಾಡಿಕೊಂಡೆ. ಮುಂದೆ ತಿಂಗಳಿಡೀ ಅದೇ ನನ್ನ ಅಳತೆ. ಆಯಾಸವಾಗಿದೆಯೋ ಇಲ್ಲವೋ ಎಂದು ಮನಸ್ಸನ್ನು ಕೇಳಿದರೆ ಅದು ಓದು ತಪ್ಪಿಸಿಕೊಳ್ಳಲು ಆಗಿದೆ ಎಂದೇ ಹೇಳುತ್ತದೆ. ನೋಟ್ ಪುಸ್ತಕ ಹಾಗೆ ಹೇಳುವುದಿಲ್ಲ.

ಆದರೆ ಒಂಟಿ ಉಪವಾಸಕ್ಕೂ ತಿಂಗಳ ಉಪವಾಸಕ್ಕೂ ವ್ಯತ್ಯಾಸವಿದೆ. ಉಡುಪಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಏಕಾದಶಿ ಕಟ್ಟುನಿಟ್ಟು. ಅವಳೂ ಮಾಡುತ್ತಿದ್ದಳು. ಮರುದಿನ ದ್ವಾದಶಿಗೆ ಬೆಳಿಗ್ಗೆ ಬೇಗ ಪಾರಣೆ, ಅಲ್ಲಿಗೆ ಮುಗಿಯಿತು. ಏಕಾದಶಿಯ ಸಂಜೆ ಅವಳಿಗೆ ಸುಸ್ತಾಗುತ್ತಿತ್ತು, ಆದರೆ ರಾತ್ರಿಯ ನಿದ್ದೆ ಪೂರಾ ಸಿಗುತ್ತಿತ್ತು. ರಮಝಾನಿನಲ್ಲಿ ಹೊಟ್ಟೆ ಮೂರ್ನಾಲ್ಕು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಒಗ್ಗದೇ ಉಳಿಯುವುದು ನಿದ್ದೆ. ಸಹರಿಗೆ ಏಳಬೇಕು, ರಾತ್ರಿಯ ತರಾವೀಹ್ ನಮಾಝ್ ಮುಗಿಯುವಾಗ ತಡ, ದಿನಕ್ಕೆ ಒಂದೊಂದು ಗಂಟೆ ಕಡಿಮೆಯಾದರೂ ವಾರದಲ್ಲಿ ಒಂದು ಇಡೀ ರಾತ್ರಿಯಷ್ಟು ಸಾಲ ಏರುತ್ತದೆ. ಎರಡನೇ ವಾರದಲ್ಲಿ ಎಲ್ಲರೂ ‘ಉಪವಾಸದ ಸುಸ್ತು’ ಎನ್ನುವುದರಲ್ಲಿ ಹೆಚ್ಚಿನ ಪಾಲು ಈ ನಿದ್ದೆಯದು. ಹಾಗಾಗಿ ನಾನು ಊಟದ ವೇಳೆಗಿಂತ ಮೊದಲು ನಿದ್ದೆಯ ವೇಳೆಯನ್ನು ಗೊತ್ತುಮಾಡಿಕೊಂಡೆ.

ಅದಕ್ಕೂ ಮುಂಚೆ ಚಹಾದ ಕೆಲಸ ಇತ್ತು. ನಾನು ಚಹಾ ಕುಡಿಯುವ ಜಾತಿ. ಬೆಳಿಗ್ಗೆ, ಹನ್ನೊಂದಕ್ಕೆ, ನಾಲ್ಕಕ್ಕೆ, ಮತ್ತೆ ರಾತ್ರಿ ಓದುವಾಗ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಅರ್ಧ ದಿನದಿಂದ ಒಂದು ದಿನದೊಳಗೆ ತಲೆನೋವು ಶುರುವಾಗುತ್ತದೆ, ಎರಡನೇ ದಿನದ ಹೊತ್ತಿಗೆ ಅದರ ಜೋರು. ಪ್ರತಿ ರಮಝಾನಿನ ಮೊದಲೆರಡು ದಿನ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುವವರು ನಮ್ಮ ಮನೆಯಲ್ಲಿ ಇದ್ದೇ ಇದ್ದಾರೆ, ಹಸಿವಿನ ತಲೆನೋವು ಎಂದೇ ಅವರು ಹೇಳುವುದು. ನನ್ನ ಗಣಿತದ ಪತ್ರಿಕೆ ಸರಿಯಾಗಿ ಎರಡನೇ ದಿನಕ್ಕೇ ಬಿದ್ದಿತ್ತು. ಆದ್ದರಿಂದ ಫೆಬ್ರವರಿ ಮಧ್ಯದಿಂದಲೇ ಒಂದೊಂದೇ ಹೊತ್ತಿನದನ್ನು ಬಿಡುತ್ತಾ ಬಂದೆ. ಮೊದಲು ರಾತ್ರಿಯದು, ಕೆಲವು ದಿನ ಬಿಟ್ಟು ಹನ್ನೊಂದರದು, ಆಮೇಲೆ ನಾಲ್ಕರದು. ಬೆಳಗಿನ ಒಂದು ಲೋಟ ಉಳಿಯಿತು. ರಮಝಾನ್ ಬಂದಾಗ ಅದೇ ಲೋಟ ಸಹರಿಯ ಹೊತ್ತಿಗೆ ಸರಿಯಿತು. ತಲೆನೋವು ಹತ್ತಿರ ಸುಳಿಯಲಿಲ್ಲ. ಇಫ್ತಾರಿನ ನಂತರ ಚಹಾ ಕುಡಿಯುವ ಮನೆಯವರ ಜೊತೆ ಕೂತರೂ ನಾನು ಮುಟ್ಟುತ್ತಿರಲಿಲ್ಲ. ಏಳೂವರೆಗೆ ಕುಡಿದ ಚಹಾ ಹತ್ತು ಗಂಟೆಯ ನಿದ್ದೆಯನ್ನು ಖಂಡಿತ ತಿನ್ನುತ್ತದೆ.

ಈಗ ದಿನದ ಲೆಕ್ಕ. ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಕಡೆ ಸುಬಹಿ ಬಾಂಗ್ ಐದೂವರೆಯ ಆಸುಪಾಸು, ಉಪವಾಸ ಬಿಡುವ ಸಂಜೆಯ ಮಗ್ರಿಬ್ 6.40ರ ಆಸುಪಾಸು. ನಡುವೆ ಹದಿಮೂರು ಗಂಟೆ ಚಿಲ್ಲರೆ. ನಾನು ನಾಲ್ಕೂವರೆಗೆ ಏಳುತ್ತಿದ್ದೆ, ಐದೂಕಾಲಿನೊಳಗೆ ಸಹರಿ, ನಮಾಝ್, ಆಮೇಲೆ 5.45ಕ್ಕೆ ಪುಸ್ತಕ ತೆರೆದರೆ ಪರೀಕ್ಷೆಯಿಲ್ಲದ ದಿನ 8.45ರವರೆಗೆ. ಈ ಮೂರು ಗಂಟೆ ನನ್ನ ಇಡೀ ದಿನದ ಬಂಡವಾಳ. ರಾತ್ರಿಯ ನಿದ್ದೆ ಆಗಿರುತ್ತದೆ, ಹೊಟ್ಟೆಯಲ್ಲಿ ಅನ್ನ ನೀರು ಎರಡೂ ಇರುತ್ತವೆ, ಸೆಖೆ ಇನ್ನೂ ಏರಿರುವುದಿಲ್ಲ. ಹೊಸದಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು, ಬರೆದು ಬಿಡಿಸಬೇಕಾದದ್ದು ಎಲ್ಲ ಇಲ್ಲಿಗೇ.

ಕಷ್ಟವಿರುವುದು ಆ ಹೊತ್ತನ್ನು ಉಳಿಸಿಕೊಳ್ಳುವುದರಲ್ಲಿ. ಸುಬಹಿ ಮುಗಿದ ಕೂಡಲೇ ಇಡೀ ಮನೆ ಮಲಗುತ್ತದೆ. ಲೈಟ್ ಆರುತ್ತದೆ, ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ, ಹೊಟ್ಟೆ ತುಂಬಿದೆ, ಚಾಪೆ ಅಲ್ಲೇ ಇದೆ. ಒಳಗೆ ಕೂತು ಓದಲು ನನ್ನಿಂದ ಆಗುತ್ತಿರಲಿಲ್ಲ. ಮೇಜನ್ನು ಸಿಟೌಟಿಗೆ ಹಾಕಿಸಿಕೊಂಡೆ. ಸೊಳ್ಳೆ ಇತ್ತು, ಕಾಯಿಲ್ ಹಚ್ಚಿದೆ. ಇನ್ನೊಂದು ಉಪಾಯ ರಾತ್ರಿಯೇ ಮಾಡಿಡುವುದು. ಮಲಗುವ ಮುಂಚೆ ಬೆಳಗಿನ ಮೊದಲ ಲೆಕ್ಕವನ್ನು ಅರ್ಧ ಬಿಡಿಸಿ, ಮುಂದಿನ ಹೆಜ್ಜೆ ಏನೆಂದು ಗೊತ್ತಿರುವ ಜಾಗದಲ್ಲಿ ನಿಲ್ಲಿಸಿ, ನೋಟ್ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಪೆನ್ನು ಮೇಲಿಟ್ಟು ಬರುತ್ತಿದ್ದೆ. ಬೆಳಿಗ್ಗೆ ‘ಇವತ್ತು ಏನು ಓದುವುದು’ ಎಂದು ಯೋಚಿಸಲು ಕೂತರೆ ಅದೇ ಯೋಚನೆಯಲ್ಲಿ ಕಣ್ಣು ಮುಚ್ಚುತ್ತದೆ. ಕೈ ಕೂಡಲೇ ಬರೆಯತೊಡಗಿದರೆ ಹತ್ತು ನಿಮಿಷದಲ್ಲಿ ನಿದ್ದೆ ಬಿಟ್ಟುಹೋಗುತ್ತದೆ.

ಸಹರಿಗೆ ತಿಂದದ್ದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಫ್ತಾರಿಗೆ ಮಿಕ್ಕಿದ ತುಪ್ಪದ ನೆಯ್ಚೋರು ಅನ್ನ, ಕೋಳಿ ಸಾರನ್ನು ಬಿಸಿ ಮಾಡಿ ತಿಂದ ದಿನ ಆರು ಗಂಟೆಗೆ ತೂಕಡಿಕೆ ಗ್ಯಾರಂಟಿ. ಮೇಲಾಗಿ ಹನ್ನೊಂದರೊಳಗೆ ಬಾಯಾರಿಕೆ. ನನಗೆ ಹಿಡಿಸಿದ್ದು ಕುಚಲಕ್ಕಿ ಅನ್ನಕ್ಕೆ ಮೊಸರು, ಜೊತೆಗೆ ಎರಡು ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ, ಕೊನೆಗೆ ಒಂದು ಬಾಳೆಹಣ್ಣು. ಮೊಟ್ಟೆ, ಕಾಳು ನಿಧಾನ ಕರಗುವುದರಿಂದ ಹತ್ತು ಗಂಟೆಗೆ ಒಮ್ಮೆಲೇ ಖಾಲಿಯಾದ ಹಾಗೆ ಅನ್ನಿಸುವುದಿಲ್ಲ. ಗಂಜಿ ಊಟವೆಂದರೆ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಇರಲೇಬೇಕು ಎನ್ನುವ ಊರು ನಮ್ಮದು. ಸಹರಿಯಲ್ಲಿ ಎರಡನ್ನೂ ಪೂರ್ತಿ ಬಿಟ್ಟೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಕುಡಿಯಲು ಇಲ್ಲಿ ಸಂಜೆಯವರೆಗೆ ಕಾಯಬೇಕು.

ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಏಕೆಂದರೆ ಕರಾವಳಿಯ ಮಾರ್ಚಿನಲ್ಲಿ ಹಸಿವಿಗಿಂತ ಬಾಯಾರಿಕೆಯೇ ಓದಿಗೆ ಅಡ್ಡ ಬರುವುದು. ಗಾಳಿಯಲ್ಲೇ ನೀರಿನಂಶ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಸುಮ್ಮನೆ ಕೂತವರ ಮೈಯಿಂದಲೂ ನೀರು ಹೋಗುತ್ತಲೇ ಇರುತ್ತದೆ. ಬಾಂಗ್ ಆಗಲು ಐದು ನಿಮಿಷ ಇರುವಾಗ ಚೊಂಬುಗಟ್ಟಲೆ ನೀರು ಸುರಿದುಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಅದರಲ್ಲಿ ಹೆಚ್ಚಿನದು ಏಳು ಗಂಟೆಯೊಳಗೆ ಮೂತ್ರವಾಗಿ ಹೊರಗೆ ಹೋಗಿರುತ್ತದೆ. ನಾನು ಒಂದು ಲೀಟರಿನ ಬಾಟಲಿ ಇಟ್ಟುಕೊಂಡೆ. ಇಫ್ತಾರಿನಿಂದ ಮಲಗುವವರೆಗೆ ಅದನ್ನು ಒಂದೊಂದು ಲೋಟದಂತೆ ಖಾಲಿ ಮಾಡುವುದು, ಸಹರಿಗೆ ಇನ್ನೊಂದು ಅರ್ಧ ಬಾಟಲಿ ಊಟದ ಮುಂಚೆ, ನಡುವೆ, ಕೊನೆಗೆ ಎಂದು ಹಂಚಿಕೊಂಡು ಕುಡಿಯುವುದು. ಉಳಿದದ್ದು ಗಂಜಿ, ಕಲ್ಲಂಗಡಿ, ಸೌತೆಕಾಯಿ, ಮಜ್ಜಿಗೆಯಲ್ಲಿ ಸೇರುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ನಮ್ಮ ತಂದೆ, ಉಪ್ಪ, ಒಂದು ಬೊಂಡ ಅಂದರೆ ಎಳನೀರು ತರುತ್ತಿದ್ದರು. ಸಾಲುತ್ತಿದೆಯೇ ಎಂದು ತಿಳಿಯಲು ಮಧ್ಯಾಹ್ನದ ಮೂತ್ರದ ಬಣ್ಣ ನೋಡಿದರೆ ಸಾಕು. ತಿಳಿ ಹಳದಿ ಇದ್ದರೆ ಸರಿ. ಕಡು ಹಳದಿ, ಅದೂ ತೀರಾ ಕಡಿಮೆ ಬಂದರೆ ಆ ರಾತ್ರಿ ಕುಡಿಯುವುದನ್ನು ಹೆಚ್ಚಿಸಬೇಕು.

ಒಂಬತ್ತರಿಂದ ಒಂದರವರೆಗಿನ ಹೊತ್ತು ನಡುಮಧ್ಯದ್ದು. ಹೊಸತು ಬೇಡ, ಆದರೆ ಹಳೆಯ ಪ್ರಶ್ನೆಪತ್ರಿಕೆ ಬರೆಯಬಹುದು. ನಾನು ಬೇಕೆಂದೇ 10ರಿಂದ 1ಕ್ಕೆ ಅದನ್ನು ಇಟ್ಟುಕೊಂಡೆ, ಪರೀಕ್ಷೆಯ ಹೊತ್ತೂ ಅದೇ. ಲುಹರ್ ನಮಾಝ್ ಮುಗಿಸಿ ಒಂದೂವರೆಗೆ ಮಲಗಿದರೆ ಎರಡೂಕಾಲಿಗೆ ಅಲಾರಾಂ. ಮಧ್ಯಾಹ್ನದ ಈ ಸಣ್ಣ ನಿದ್ದೆಗೆ ಕೈಲೂಲಾ ಎಂಬ ಹೆಸರೇ ಇದೆ, ಮನೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲ. ತೊಂದರೆ ಏನೆಂದರೆ ಯಾರೂ ಎಬ್ಬಿಸುವುದೂ ಇಲ್ಲ. ಉಪವಾಸದವಳು, ಮಲಗಲಿ ಎಂದು ಸಂಜೆಯ ಅಸರ್‌ವರೆಗೆ ಬಿಟ್ಟುಬಿಡುತ್ತಾರೆ. ಎರಡು ಗಂಟೆ ಮಲಗಿ ಎದ್ದರೆ ತಲೆ ಭಾರ, ಬಾಯಿ ಒಣಗಿ ನಾಲಿಗೆ ಅಂಟುತ್ತದೆ, ಅದಕ್ಕಿಂತ ಮುಖ್ಯವಾಗಿ ರಾತ್ರಿ 9.45ಕ್ಕೆ ನಿದ್ದೆ ಬರುವುದಿಲ್ಲ. ಮರುದಿನ ಬೆಳಗಿನ ಮೂರು ಗಂಟೆಗೆ ಅಲ್ಲಿಂದಲೇ ಕುತ್ತು ಬರುತ್ತದೆ. ಅಲಾರಾಮನ್ನು ಇನ್ನೊಂದು ಕೋಣೆಯಲ್ಲಿಟ್ಟು ಮಲಗುತ್ತಿದ್ದೆ, ಎದ್ದು ಹೋಗಿಯೇ ಆರಿಸಬೇಕು.

ಮೂರರಿಂದ ಆರೂವರೆ ಸತ್ತ ಹೊತ್ತು. ಹಾಗೆಂದು ಅದನ್ನು ಪೂರ್ತಿ ಬಿಟ್ಟುಕೊಡುವಷ್ಟು ಸಮಯ ನನ್ನ ಹತ್ತಿರ ಇರಲಿಲ್ಲ. ಇನ್ನೊಂದು ವಿಷಯ, ಹುಡುಗಿಯರಿಗೆ ಆ ಹೊತ್ತು ಹೇಗೂ ಓದಲು ಸಿಗುವುದಿಲ್ಲ. ಅಸರ್ ಆದ ಮೇಲೆ ಅಡುಗೆಮನೆ. ಪರೀಕ್ಷೆ ಇದೆ ಎಂದು ಉಮ್ಮ ನನ್ನನ್ನು ಬಿಟ್ಟರೂ ನನಗೇ ಕೂರಲು ಆಗುತ್ತಿರಲಿಲ್ಲ, ಒಲೆಯ ಮುಂದೆ ಅವರೂ ಉಪವಾಸದಲ್ಲೇ ನಿಂತಿರುತ್ತಾರಲ್ಲ. (ಅಣ್ಣ ಆ ಹೊತ್ತಿನಲ್ಲಿ ಕ್ರಿಕೆಟ್ ಆಡಲು ಹೋಗುತ್ತಿದ್ದ. ಉಪವಾಸದಲ್ಲಿ ಕ್ರಿಕೆಟ್ ಆಡುವ ಶಕ್ತಿ ಇದ್ದವರಿಗೆ ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟುವ ಶಕ್ತಿ ಏಕೆ ಇರುವುದಿಲ್ಲ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.) ನಾನು ಸಮೋಸ ಮಡಚುವ ಕೆಲಸ ತೆಗೆದುಕೊಂಡೆ. ಕೂತು ಮಾಡುವ ಕೆಲಸ, ಒಲೆಯ ಬಿಸಿ ಇಲ್ಲ, ಕೈಗೆ ಅಭ್ಯಾಸವಾದರೆ ಕಣ್ಣೂ ಬೇಕಿಲ್ಲ. ಪೇಟೆಯಿಂದ ತಂದ ಹಾಳೆಯ ತುದಿಯನ್ನು ಓರೆಯಾಗಿ ಮಡಚಿ, ಪೊಟ್ಟಣ ಮಾಡಿ, ಒಂದು ಚಮಚ ಪಲ್ಯ ಹಾಕಿ, ಮತ್ತೆರಡು ಮಡಿಕೆ ಹಾಕಿ ತುದಿಗೆ ಮೈದಾ ಅಂಟು ಹಚ್ಚಿದರೆ ಮುಗಿಯಿತು.

ಎದುರಿಗೆ ತಂಗಿ ಕೂತು ಪ್ರಶ್ನೆ ಕೇಳುತ್ತಿದ್ದಳು. ಅವಳಾಗ ಹತ್ತನೆಯಲ್ಲಿದ್ದಳು, ಕೆಮಿಸ್ಟ್ರಿಯ ಆ ಹೆಸರುಗಳು ಅವಳಿಗೆ ಏನೂ ಅಲ್ಲ, ಹಳೆಯ ಮದುವೆ ಕಾಗದಗಳ ಹಿಂದೆ ನಾನು ಬರೆದಿಟ್ಟದ್ದನ್ನು ಓದಿ ಸರಿಯೋ ತಪ್ಪೋ ನೋಡುವುದಷ್ಟೇ.

“ಕ್ಯಾನಿಜಾರೋ?”

“ಆಲ್ಫಾ ಹೈಡ್ರೋಜನ್ ಇಲ್ಲದ ಆಲ್ಡಿಹೈಡ್, ಗಾಢ ಸೋಡಿಯಂ ಹೈಡ್ರಾಕ್ಸೈಡ್. ಒಂದು ಪಾಲು ಆಲ್ಕೋಹಾಲ್ ಆಗುತ್ತದೆ, ಇನ್ನೊಂದು ಆಮ್ಲದ ಲವಣ.”

“ಉದಾಹರಣೆ?”

“ಫಾರ್ಮಾಲ್ಡಿಹೈಡ್. ಮೆಥನಾಲ್ ಮತ್ತು ಸೋಡಿಯಂ ಫಾರ್ಮೇಟ್.”

“ಸ್ಯಾಂಡ್‌ಮೇಯರ್?”

“ಡಯಜೋನಿಯಂ ಲವಣಕ್ಕೆ ತಾಮ್ರದ ಪುಡಿ...”

“ತಪ್ಪು. ಅದು ಗ್ಯಾಟರ್‌ಮನ್ ಅಂತ ಬರೆದಿದ್ದೀ. ಇದಕ್ಕೆ ಕ್ಯುಪ್ರಸ್ ಕ್ಲೋರೈಡ್.”

ಆ ಎರಡನ್ನು ನಾನು ಬೆಳಿಗ್ಗೆ ಎಂದೂ ಅದಲುಬದಲು ಮಾಡಿದ್ದಿಲ್ಲ, ಸಂಜೆ ಐದಕ್ಕೆ ಮತ್ತೆ ಮತ್ತೆ ಮಾಡುತ್ತಿದ್ದೆ. ಅಂದರೆ ಆ ಹೊತ್ತಿನಲ್ಲಿ ತಡವರಿಸಿದವು ಯಾವುವೋ ಅವು ಇನ್ನೂ ಗಟ್ಟಿಯಾಗಿ ಕೂತಿಲ್ಲ ಎಂದು ಲೆಕ್ಕ. ಅಂಥ ಕಾಗದಗಳನ್ನು ತಂಗಿ ಬೇರೆ ಇಡುತ್ತಿದ್ದಳು, ಅವು ಮರುದಿನ ಬೆಳಗಿನ ಮೇಜಿಗೆ. ಫಿಸಿಕ್ಸ್ ಮುಗಿದು ಕೆಮಿಸ್ಟ್ರಿಗೆ ಸಿಕ್ಕಿದ ಬಿಡುವಿನಲ್ಲಿ ಆರ್ಗ್ಯಾನಿಕ್ ಭಾಗವನ್ನು ನಾನು ಹೀಗೇ ಮುಗಿಸಿದ್ದು. ಬೆಳಿಗ್ಗೆ ಒಂದು ಅಧ್ಯಾಯವನ್ನು ಮೆಕ್ಯಾನಿಸಂ ಸಹಿತ ಬರೆದು ಕಲಿಯುವುದು, ಸಂಜೆ ಸಮೋಸದ ಎದುರು ಬಾಯಿಯಲ್ಲಿ ಹೇಳುವುದು, ತಪ್ಪಿದ್ದನ್ನು ಮರುದಿನ ಹೊಸ ಅಧ್ಯಾಯಕ್ಕೆ ಮುಂಚೆ ಹತ್ತು ನಿಮಿಷ ನೋಡುವುದು. ಲೆಕ್ಕದ ಭಾಗ, ಎಲೆಕ್ಟ್ರೋಕೆಮಿಸ್ಟ್ರಿ ಮತ್ತು ಕೆಮಿಕಲ್ ಕೈನೆಟಿಕ್ಸ್, ಸಂಜೆಗೆ ಅಪ್ಪಿತಪ್ಪಿಯೂ ತರುತ್ತಿರಲಿಲ್ಲ.

ಇಫ್ತಾರ್ ನಮ್ಮ ಕಡೆ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಖರ್ಜೂರ, ಶರಬತ್ತು, ಸಮೋಸ, ಬಜ್ಜಿ, ಆಮೇಲೆ ಪತ್ತಿರ್ ಮತ್ತು ಸಾರು. ಹದಿಮೂರು ಗಂಟೆ ಖಾಲಿಯಿದ್ದ ಹೊಟ್ಟೆಗೆ ಸಕ್ಕರೆ ಪಾನಕ, ಎಣ್ಣೆ ಎರಡೂ ಒಟ್ಟಿಗೆ ಇಳಿದರೆ ಏಳೂವರೆಗೆ ಒಂದು ಅಮಲು ಬರುತ್ತದೆ. ಕಣ್ಣು ತೆರೆದಿರುತ್ತದೆ, ಪುಟ ಒಳಗೆ ಹೋಗುವುದಿಲ್ಲ. ನಾನು ಮೂರು ಖರ್ಜೂರ, ನೀರು, ಒಂದು ಬಟ್ಟಲು ನೋಂಬಿನ ಗಂಜಿ, ಇಷ್ಟಕ್ಕೆ ನಿಲ್ಲಿಸಿ ಮಗ್ರಿಬ್ ನಮಾಝಿಗೆ ಏಳುತ್ತಿದ್ದೆ. ನಮಾಝ್ ಮುಗಿಸಿ ಬರುವಾಗ ಹಸಿವಿನ ಆತುರ ಇಳಿದಿರುತ್ತದೆ. ಆಗ ಊಟ, ಒಂದೆರಡು ಸಮೋಸ. ಅಷ್ಟು ಮಡಚಿದವಳು ಎರಡೇ ತಿನ್ನುತ್ತಾಳೆ ಎಂದು ಮನೆಯಲ್ಲಿ ತಮಾಷೆ. ನೆಂಟರ ಮನೆಯ ಇಫ್ತಾರಿಗೆ ಮಾತ್ರ ಈ ಕ್ರಮ ನಡೆಯುವುದಿಲ್ಲ, ಬಡಿಸುವವರು ಬಿಡುವುದಿಲ್ಲ. ಪರೀಕ್ಷೆಯ ಹಿಂದಿನ ದಿನಗಳಲ್ಲಿ ಎಲ್ಲಿಗೂ ಹೋಗಲಿಲ್ಲ. ಒಬ್ಬಿಬ್ಬರು ಬೇಸರ ಮಾಡಿಕೊಂಡರು.

ತರಾವೀಹ್ ಗಂಡಸರಿಗೆ ಮಸೀದಿಯಲ್ಲಿ, ಇಪ್ಪತ್ತು ರಕಅತ್, ಬರುವಾಗ ಒಂಬತ್ತು ದಾಟಿರುತ್ತದೆ. ನಾವು ಮನೆಯಲ್ಲೇ ಮಾಡುವುದರಿಂದ ಇಶಾ ಆದ ಕೂಡಲೇ ಉಮ್ಮನ ಜೊತೆ ನಿಂತರೆ ಬೇಗ ಮುಗಿಯುತ್ತಿತ್ತು. ಆ ನಿಲ್ಲುವುದು ಬಾಗುವುದರಲ್ಲಿ ಊಟವೂ ಒಂದಿಷ್ಟು ಇಳಿಯುತ್ತದೆ. ಆಮೇಲೆ ಉಳಿಯುವ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೆಳಗಿನ ನೋಟ್ ಪುಸ್ತಕ ತಯಾರು ಮಾಡಿ 9.45ಕ್ಕೆ ಹಾಸಿಗೆ. ಮಸೀದಿಗೆ ಹೋಗುವ ಹುಡುಗರಿಗೆ ಈ ಲೆಕ್ಕ ಅರ್ಧ ಗಂಟೆ ಮುಂದೆ ಹೋಗುತ್ತದೆ, ಅವರು ಮಧ್ಯಾಹ್ನದ ನಿದ್ದೆಯನ್ನು ಬಿಡುವಂತೆಯೇ ಇಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಏಳೂವರೆಗೇ ಪುಸ್ತಕ ಮುಚ್ಚುತ್ತಿದ್ದೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನಲ್ಲಿ ಕೂರಲು ಸೀಟು ಸಿಗಬೇಕೆಂದು ಬೇಗ ಹೊರಡುವುದು, ದಾರಿಯಲ್ಲಿ ಮಾತು ಕಡಿಮೆ, ಕೇಂದ್ರದಲ್ಲಿ ನೆರಳಿನಲ್ಲಿ ನಿಲ್ಲುವುದು. ಇವೆಲ್ಲ ನೀರು ಉಳಿಸುವ ಕ್ರಮಗಳು. ಪತ್ರಿಕೆಯಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಎಲ್ಲರೂ ಒಂದು ಅಂಕದ್ದರಿಂದ ಶುರು ಮಾಡುತ್ತಾರೆ. ಹೊತ್ತು ಏರಿದಂತೆ ಮೈನಸ್ ಬಿಡುವ ಚಾಳಿ ನನಗಿದೆ ಎಂದು ಅಷ್ಟು ಹೊತ್ತಿಗೆ ಗೊತ್ತಿದ್ದರಿಂದ ಗಣಿತದಲ್ಲಿ ಐದು ಅಂಕದ ಪ್ರಶ್ನೆಗಳನ್ನು ಮೊದಲು ಬರೆದೆ, ಹನ್ನೊಂದೂವರೆಯೊಳಗೆ ಅವು ಮುಗಿದವು. ಒಂದು ಅಂಕದ್ದನ್ನು ಕೊನೆಗೆ ಬರೆಯುವಾಗ ತಲೆ ಸ್ವಲ್ಪ ಮಂಕಾಗಿದ್ದರೂ ನಡೆಯುತ್ತದೆ, ಅಲ್ಲಿ ಹೆಜ್ಜೆಗಳಿರುವುದಿಲ್ಲ. ಕೊನೆಯ ಹದಿನೈದು ನಿಮಿಷ ಪ್ರಶ್ನೆಯಲ್ಲಿದ್ದ ಅಂಕಿಗಳನ್ನೂ ಉತ್ತರದ ಮೊದಲ ಸಾಲನ್ನೂ ಬೆರಳಿಟ್ಟು ಹೋಲಿಸಿ ನೋಡಲು ಮಾತ್ರ ಇಟ್ಟುಕೊಂಡಿದ್ದೆ.

ನಡುವೆ ಮುಟ್ಟಿನ ದಿನಗಳು ಬಂದವು. ಉಪವಾಸ ಇಲ್ಲ, ತಿನ್ನಬಹುದು, ಓದು ಸುಲಭವಾಗಬೇಕು. ಹಾಗಾಗುವುದಿಲ್ಲ. ಮನೆಯಲ್ಲಿ ಹಗಲು ಒಲೆ ಹಚ್ಚುವುದಿಲ್ಲ, ಅಣ್ಣ ಉಪ್ಪನ ಎದುರು ತಿನ್ನಲು ಮುಜುಗರ, ರಾತ್ರಿ ಮಿಕ್ಕಿದ್ದನ್ನು ಕೋಣೆಯಲ್ಲಿ ಗಬಗಬ ತಿನ್ನುವುದು. ಕೆಲವರು ಈ ದಿನಗಳಲ್ಲಿ ಸಹರಿಗೆ ಏಳದೆ ಎಂಟರವರೆಗೆ ಮಲಗುತ್ತಾರೆ. ಹಾಗೆ ಮಾಡಿದರೆ ಮತ್ತೆ ಉಪವಾಸ ಶುರುವಾದ ದಿನ ಮೊದಲ ದಿನದ ಸುಸ್ತೇ ಮತ್ತೆ ಬರುತ್ತದೆ. ನಾನು ಅದೇ ಹೊತ್ತಿಗೆ ಎದ್ದು ಮನೆಯವರ ಜೊತೆಯೇ ತಿಂದು ಅದೇ ಮೇಜಿಗೆ ಹೋಗುತ್ತಿದ್ದೆ. ಹಗಲು ನೀರು, ಒಂದು ಹಿಡಿ ಅವಲಕ್ಕಿ, ಬಾಳೆಹಣ್ಣು. ಗಡಿಯಾರ ಮಾತ್ರ ಕದಲಬಾರದು.

ಇದೆಲ್ಲ ಆರೋಗ್ಯವಾಗಿರುವವರ ಮಾತು. ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿಯೊಬ್ಬಳು ನಮ್ಮ ಸಂಬಂಧದಲ್ಲೇ ಇದ್ದಾಳೆ, ಅವಳಿಗೆ ಡಾಕ್ಟರು ಬೇಡವೆಂದರು, ಅವಳು ಮಾಡುವುದಿಲ್ಲ. ಪರೀಕ್ಷೆ ಎಂಬ ಕಾರಣಕ್ಕೆ ಬಿಡುವಂತಿಲ್ಲ, ಆದರೆ ಕಾಯಿಲೆ ಬಂದರೆ, ಪ್ರಾಣಕ್ಕೆ ಕಷ್ಟವಾದರೆ ನಡುವೆಯೇ ಬಿಟ್ಟು ಆಮೇಲೆ ತೀರಿಸಬಹುದು ಎಂದು ನಮಗೆ ಮದ್ರಸದಲ್ಲಿ ಉಸ್ತಾದರು ಹೇಳಿಕೊಟ್ಟದ್ದು. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಹೋಗುತ್ತಲೇ ಇಲ್ಲ, ಮೈ ನಡುಗುತ್ತಿದೆ, ಮಾತು ತಡವರಿಸುತ್ತಿದೆ, ಓದಿದ ಸಾಲೇ ಅರ್ಥವಾಗದಷ್ಟು ಗೊಂದಲ. ಇಂಥದ್ದು ಸುಸ್ತಿನ ಪಟ್ಟಿಗೆ ಸೇರುವುದಿಲ್ಲ, ಆಗ ನೀರು ಕುಡಿಯಬೇಕು, ಡಾಕ್ಟರಿಗೆ ತೋರಿಸಬೇಕು.

ರಮಝಾನಿನ ಕೊನೆಯ ಹತ್ತು ದಿನ ಬರುವಾಗ ಪರೀಕ್ಷೆ ಮುಗಿದಿತ್ತು, ಆದರೆ ಏಪ್ರಿಲ್ 16, 17ಕ್ಕೆ ಸಿಇಟಿ. ಬೆಸ ಸಂಖ್ಯೆಯ ರಾತ್ರಿಗಳಲ್ಲಿ, ಅದರಲ್ಲೂ ಇಪ್ಪತ್ತೇಳರಂದು, ಮನೆಯಲ್ಲಿ ಪ್ರಾರ್ಥನೆಗೆಂದು ಬಹಳ ಹೊತ್ತು ಎಚ್ಚರ. ಅಂಥ ರಾತ್ರಿಯ ಮರುದಿನ ನಾನು ಹೊಸತು ಏನನ್ನೂ ಮುಟ್ಟಲಿಲ್ಲ, ಹಿಂದೆ ಒಮ್ಮೆ ಬಿಡಿಸಿದ ಬಹು ಆಯ್ಕೆ ಪ್ರಶ್ನೆಗಳನ್ನೇ ಮತ್ತೆ ನೋಡಿದೆ.

ಈದ್ ಮಾರ್ಚ್ 31ಕ್ಕೆ ಆಯಿತು. ಮರುದಿನ ಗಮನಿಸಿದರೆ ಹೊಸ ತೊಡಕು. ಸಿಇಟಿಯಲ್ಲಿ ದಿನದ ಎರಡನೇ ಪತ್ರಿಕೆ ಮಧ್ಯಾಹ್ನ 2.30ಕ್ಕೆ, ಮೊದಲ ದಿನ ಆ ಹೊತ್ತಿಗೆ ಇದ್ದದ್ದು ಕೆಮಿಸ್ಟ್ರಿ. ಒಂದು ತಿಂಗಳು ನಾನು ನಿದ್ದೆಯಿಂದ ಎದ್ದು ಕಣ್ಣುಜ್ಜುತ್ತಿದ್ದ ಹೊತ್ತದು. ಮಧ್ಯಾಹ್ನದ ನಿದ್ದೆಯನ್ನು ಕೂಡಲೇ ನಿಲ್ಲಿಸಿದೆ, ರಾತ್ರಿ ಮಲಗುವುದನ್ನು ಹತ್ತಕ್ಕೇ ಇಟ್ಟು ಬೆಳಿಗ್ಗೆ ಏಳುವುದನ್ನು ದಿನಕ್ಕೆ ಕಾಲು ಗಂಟೆಯಂತೆ ಐದೂವರೆಗೆ ತಂದೆ. 2.30ಕ್ಕೆ ಸರಿಯಾಗಿ ಕೆಮಿಸ್ಟ್ರಿಯ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಮೊದಲ ಕೆಲವು ಮಧ್ಯಾಹ್ನ ತೂಕಡಿಸುತ್ತಲೇ ಬಿಡಿಸಿದೆ. ನಾಲ್ಕು ಗಂಟೆಯ ಚಹಾವನ್ನು ಸಿಇಟಿ ಮುಗಿಯುವವರೆಗೆ ಮತ್ತೆ ಶುರು ಮಾಡಲಿಲ್ಲ.